ಉಳಿಸಿದ್ದು ಯಾಕೆ ನಿಲ್ಲುತ್ತಿಲ್ಲ?

"ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ಬಜೆಟ್ ಬರೆದಿಟ್ಟು ಪ್ರತಿ ತಿಂಗಳು ಉಳಿಸ್ತೀನಿ, ಆದ್ರೆ ಏನೋ ಒಂದು ಖರ್ಚು ಬಂದು ಎಲ್ಲ ತೆಗೆಯೋ ಹಾಗಾಗುತ್ತೆ. ಎಲ್ಲಿ ತಪ್ಪುತ್ತಿದೆ?"

ನೀವು ಕಳೆದ ಆರು ತಿಂಗಳಲ್ಲಿ ಉಳಿತಾಯದಿಂದ ದುಡ್ಡು ತೆಗೆದ ದಿನಗಳನ್ನು ಖಾತೆಯ ವಿವರದಲ್ಲಿ ನೋಡಿ. ಪ್ರತಿಯೊಂದರ ಮುಂದೆ "ಇದು ಬರುತ್ತದೆಂದು ಮೊದಲೇ ಗೊತ್ತಿತ್ತೇ?" ಎಂದು ಬರೆಯಿರಿ. ವಿಮೆಯ ಕಂತು, ಗಾಡಿಯ ಸರ್ವಿಸ್, ಮದುವೆಯ ಉಡುಗೊರೆ ಇಂಥವೇ ಹೆಚ್ಚಿದ್ದರೆ ಅವು ತುರ್ತು ಖರ್ಚಲ್ಲ. ತಿಂಗಳ ಬಜೆಟ್‌ನಲ್ಲಿ ಜಾಗ ಸಿಗದ ವಾರ್ಷಿಕ ಖರ್ಚುಗಳು.

ಉದಾಹರಣೆಗೆ ವರ್ಷಕ್ಕೆ ವಿಮೆಗೆ 9,000, ಗಾಡಿಗೆ 6,000, ಬಟ್ಟೆ-ಉಡುಗೊರೆಗೆ 9,000 ಅಂದುಕೊಳ್ಳಿ. ಒಟ್ಟು 24,000, ಅಂದರೆ ತಿಂಗಳಿಗೆ 2,000. ಇಷ್ಟನ್ನು ಸಂಬಳ ಬಂದ ಮರುದಿನವೇ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿ. ಆಪತ್ತಿಗೆಂದು ಇಟ್ಟ ಹಣದ ಜೊತೆ ಇದನ್ನು ಖಂಡಿತ ಬೆರೆಸಬೇಡಿ. ಬೆರೆತರೆ ಯಾವುದು ಯಾವುದಕ್ಕೆಂದು ತಿಳಿಯುವುದೇ ಇಲ್ಲ.

ಮೊದಲ ವರ್ಷ ಮಾತ್ರ ಒಂದು ತೊಡಕಿದೆ. ವಿಮೆಯ ಕಂತು ನಾಲ್ಕೇ ತಿಂಗಳಲ್ಲಿ ಬಂದರೆ ಅಷ್ಟರೊಳಗೆ 8,000 ಮಾತ್ರ ಸೇರಿರುತ್ತದೆ. ಹಾಗಾಗಿ ಖರ್ಚುಗಳನ್ನು ದಿನಾಂಕದ ಕ್ರಮದಲ್ಲಿ ಬರೆದು, ಮೊದಲ ನಾಲ್ಕು ತಿಂಗಳು 2,250 ಹಾಕಿ. ಉಳಿದ 15,000ಕ್ಕೆ ಮುಂದಿನ ಎಂಟು ತಿಂಗಳು 1,875 ಸಾಕು. ಗಾಡಿಯ ರಿಪೇರಿಯಂಥದ್ದು ಅಂದಾಜಿಗಿಂತ ಹೆಚ್ಚಾಗಬಹುದು, ಆಗ ಮುಂದಿನ ವರ್ಷದ ಅಂಕಿಯನ್ನು ಏರಿಸಿ.

ಇದನ್ನು ತೆಗೆದಿಟ್ಟ ಮೇಲೆ ಉಳಿತಾಯದ ಮೊತ್ತ ಚಿಕ್ಕದಾಗಿ ಕಾಣುತ್ತದೆ. ನಿಮ್ಮ ನಿಜವಾದ ಉಳಿತಾಯ ಮೊದಲಿನಿಂದಲೂ ಅಷ್ಟೇ ಇತ್ತು.