ಗಲಾಟೆ ಕ್ಲಾಸಿಗೆ ಯಾವ ಪುಸ್ತಕ?

ನಾನು ಹೊಸ ಟೀಚರ್. ಕ್ಲಾಸಲ್ಲಿ ಗಲಾಟೆ ಜಾಸ್ತಿ, ಮಕ್ಕಳ ಮಟ್ಟವೂ ಬೇರೆ ಬೇರೆ. ಯಾವ ಪುಸ್ತಕ ಓದಲಿ?

ಡಗ್ ಲೆಮೊವ್ ಅವರ ‘ಟೀಚ್ ಲೈಕ್ ಎ ಚಾಂಪಿಯನ್’ ತಗೊಳ್ಳಿ. ದಪ್ಪ ಪುಸ್ತಕ, ಪೂರ್ತಿ ಓದಲು ಹೋಗಬೇಡಿ. ಮೊದಲು ‘ಕೋಲ್ಡ್ ಕಾಲ್’ ಭಾಗ ಸಾಕು. ಅಂದರೆ, ಕೈ ಎತ್ತದವರನ್ನೂ ಕೇಳುವುದು.

‘3/4 ದೊಡ್ಡದೋ, 2/3 ದೊಡ್ಡದೋ?’ ಅಂತ ಕೇಳಿ. ಮೂರ್ನಾಲ್ಕು ಸೆಕೆಂಡ್ ಸುಮ್ನಿರಿ. ಆಮೇಲೆ ಹೆಸರು ಹೇಳಿ. ಹೆಸರು ಮೊದಲೇ ಬಂದರೆ ಉಳಿದವರು ಯೋಚನೆ ಬಿಟ್ಟು ಹರಟೆಗೆ ಇಳಿಯುತ್ತಾರೆ, ಅಲ್ವಾ? ನಿಧಾನವಾಗಿ ಕಲಿಯುವವರಿಗೆ ಅದೇ ಲೆಕ್ಕದ ಸುಲಭ ತುಂಡು ಕೊಡಿ: ‘3/4 ಅಂದರೆ ನಾಲ್ಕು ಪಾಲಲ್ಲಿ ಎಷ್ಟು?’

ಮಾತಾಡುತ್ತಿದ್ದವರನ್ನು ಸಿಕ್ಕಿಹಾಕಿಸಲು ಇದನ್ನು ಬಳಸಿದರೆ ಕೆಡುತ್ತದೆ. ಪ್ರಶ್ನೆ ಬಂದ ಕೂಡಲೇ ಮಕ್ಕಳು ತಲೆ ತಗ್ಗಿಸಿದರೆ ಹಾಗಾಗಿದೆ ಅಂತಲೇ ಅರ್ಥ.