ಹದಿನಾರು ಸಂದರ್ಶನಕ್ಕೆ ‘ರಿಲಯಬಿಲಿಟಿ’ ಎಲ್ಲಿಂದ ತರುವುದು?

*ಪ್ರಶ್ನೆ: ನನ್ನದು ಸಂದರ್ಶನ ಆಧಾರಿತ ಪಿಎಚ್‌ಡಿ. ಸಾಮಾನ್ಯೀಕರಣ, ರಿಲಯಬಿಲಿಟಿ, ವಸ್ತುನಿಷ್ಠತೆ ಎಲ್ಲಿ ಅಂತ ಗೈಡ್ ಕೇಳ್ತಿದ್ದಾರೆ. ಆಡಿಟ್ ಟ್ರೇಲ್ ಇಟ್ಟರೆ ಸಾಕಾ? ಅದರಲ್ಲಿ ಏನೇನಿರಬೇಕು?*

ಈ ಮೂರಕ್ಕೆ ಗುಣಾತ್ಮಕ ಸಂಶೋಧನೆಯಲ್ಲಿ ಟ್ರಾನ್ಸ್‌ಫರಬಿಲಿಟಿ, ಡಿಪೆಂಡಬಿಲಿಟಿ, ಕನ್‌ಫರ್ಮಬಿಲಿಟಿ ಎಂಬ ಪ್ರತಿರೂಪಗಳಿವೆ. 1985ರಲ್ಲಿ ಲಿಂಕನ್ ಮತ್ತು ಗೂಬಾ ವಿವರವಾಗಿ ಮಂಡಿಸಿದ ಚೌಕಟ್ಟು ಇದು. ಆದರೆ ಹೆಸರು ಬದಲಿಸಿ ಬರೆದ ಮಾತ್ರಕ್ಕೆ ನಿಮ್ಮ ಗೈಡ್ ಒಪ್ಪುವುದಿಲ್ಲ, ಒಪ್ಪಲೂಬಾರದು. ನನ್ನ ಅಧ್ಯಯನದ ಒಂದೇ ಒಂದು ವಾಕ್ಯವನ್ನು ಹಿಡಿದು ಹೇಳುತ್ತೇನೆ.

ರಾತ್ರಿ ಪಾಳಿಯ ನರ್ಸ್‌ಗಳು ಔಷಧ ಕೊಡುವಾಗ ಆದ ಸಣ್ಣ ತಪ್ಪುಗಳನ್ನು ಏಕೆ ವರದಿ ಮಾಡುವುದಿಲ್ಲ ಎಂಬುದು ನನ್ನ ವಿಷಯ. ಒಟ್ಟು 16 ಸಂದರ್ಶನ. ‘ಅವರನ್ನು ತಡೆಯುವುದು ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ ಜೊತೆಯವರೆದುರಿನ ಅವಮಾನ’ ಎಂದು ಬರೆದಿದ್ದೆ. ಮೊದಲು ನನ್ನ ಬಳಿ ಇದ್ದದ್ದು ‘ಭಯ’ ಎಂಬ ಒಂದೇ ಕೋಡ್, ಅಂದರೆ ಮಾತಿನ ತುಣುಕುಗಳಿಗೆ ಹಚ್ಚುವ ಗುರುತು. ಆರನೇ ಸಂದರ್ಶನದಲ್ಲಿ ಒಬ್ಬರು, “ಮೇಲಿನವರು ಏನೂ ಮಾಡಲ್ಲ, ಬೆಳಿಗ್ಗೆ ಬರೋರ ಮುಖ ಹೇಗೆ ನೋಡೋದು?” ಎಂದರು. ಅಂದೇ ಕೋಡನ್ನು ಎರಡಾಗಿ ಒಡೆದೆ. ಹಿಂದಿನ ಐದು ಸಂದರ್ಶನಗಳನ್ನೂ ಮತ್ತೆ ಕೋಡ್ ಮಾಡಿದೆ. ಏನು ಬದಲಾಯಿತು, ಯಾವ ಸಾಲಿನಿಂದ, ಯಾವ ದಿನ ಎಂದು ಟಿಪ್ಪಣಿ ಬರೆದಿಟ್ಟೆ. ಡಿಪೆಂಡಬಿಲಿಟಿ ಅಂದರೆ ಇದೇ. ವಿಧಾನ ಬದಲಾಗಬಾರದು ಎಂದು ಅದು ಹೇಳುವುದಿಲ್ಲ, ಆದ ಬದಲಾವಣೆಗೆ ಕಾರಣ ಕಾಣಬೇಕು ಎನ್ನುತ್ತದೆ. ಇಬ್ಬರು ಕೋಡ್ ಮಾಡಿ ಹೊಂದಾಣಿಕೆಯ ಅಂಕಿ ತೆಗೆದರೆ ಆಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ಕೋಡ್‌ಪುಸ್ತಕವನ್ನು ಇಬ್ಬರೂ ಒಂದೇ ರೀತಿ ಬಳಸಿದರೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆ ಕೋಡ್‌ಪುಸ್ತಕ ಹೇಗೆ ಹುಟ್ಟಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನಿಜವಾದ ಕಷ್ಟ ಬಂದದ್ದು ಕನ್‌ಫರ್ಮಬಿಲಿಟಿಯಲ್ಲಿ, ಅಂದರೆ ಫಲಿತಾಂಶ ಸಂಶೋಧಕರ ಒಲವಿನಿಂದಲ್ಲ, ಸಂದರ್ಶನಗಳಿಂದಲೇ ಬಂದಿದೆ ಎಂದು ತೋರಿಸುವಲ್ಲಿ. ನನ್ನ ತಂಡದಲ್ಲಿಲ್ಲದ ಒಬ್ಬ ಹಿರಿಯ ಸಂಶೋಧಕರಿಗೆ ಕಡತಗಳನ್ನೆಲ್ಲ ಕೊಟ್ಟು ಆಡಿಟ್ ಮಾಡಿಸಿದೆ. ಅವರು ಆ ವಾಕ್ಯದಿಂದ ಹಿಂದಕ್ಕೆ ನಡೆದರು: ವಾಕ್ಯದಿಂದ ಥೀಮ್‌ಗೆ, ಅಲ್ಲಿಂದ ಕೋಡ್‌ಗೆ, ಕೋಡ್‌ನಿಂದ ಲಿಪ್ಯಂತರದ ಸಾಲಿಗೆ. ಆಮೇಲೆ ಕೇಳಿದರು: “ಆರನೇ ಸಂದರ್ಶನದ ನಂತರ ಪ್ರಶ್ನಾವಳಿಗೆ ಅವಮಾನದ ಪ್ರಶ್ನೆ ಸೇರಿಸಿದ್ದೀರಿ. ಮುಂದಿನ ಹತ್ತು ಜನ ಅವಮಾನದ ಬಗ್ಗೆ ಮಾತಾಡಿದ್ದು ನೀವು ಕೇಳಿದಿರಿ ಅಂತಲೋ?” ಇದು ನನಗೆ ಹೊಳೆದೇ ಇರಲಿಲ್ಲ. ಪ್ರತಿ ಲಿಪ್ಯಂತರದ ಮೇಲೂ ಪ್ರಶ್ನಾವಳಿಯ ಯಾವ ಆವೃತ್ತಿ ಎಂದು ಬರೆದಿದ್ದರಿಂದ ಎಣಿಸಿ ನೋಡಲು ಸಾಧ್ಯವಾಯಿತು. ಮೊದಲ ಆರರಲ್ಲಿ ನಾಲ್ವರು ಕೇಳದೆಯೇ ಅವಮಾನದ ಮಾತೆತ್ತಿದ್ದರು. ನಂತರದ ಹತ್ತರಲ್ಲಿ ಮೂವರು ಮಾತ್ರ ಪ್ರಶ್ನೆ ಬರುವ ಮೊದಲೇ ಹೇಳಿದ್ದರು. ಶಿಕ್ಷೆಯ ಭಯವೇ ಮುಖ್ಯ ಎಂದಿದ್ದ ಇಬ್ಬರೂ ತಾತ್ಕಾಲಿಕ ನೌಕರರು ಎಂಬುದೂ ಆಗಲೇ ಕಣ್ಣಿಗೆ ಬಿತ್ತು. ವಾಕ್ಯವನ್ನು ಕಾಯಂ ನೌಕರರಿಗಷ್ಟೇ ಸೀಮಿತಗೊಳಿಸಿ ಮತ್ತೆ ಬರೆದೆ, ಕೇಳದೆ ಹೇಳಿದ್ದನ್ನೂ ಕೇಳಿದ ಮೇಲೆ ಹೇಳಿದ್ದನ್ನೂ ಬೇರೆಬೇರೆಯಾಗಿ ತೋರಿಸಿದೆ.

ವಾಕ್ಯದಿಂದ ಲಿಪ್ಯಂತರದವರೆಗೆ ಹೀಗೆ ಹಿಂದಕ್ಕೆ ನಡೆಯಲು ದಾರಿ ಮಾಡುವ ದಾಖಲೆಗಳೇ ಆಡಿಟ್ ಟ್ರೇಲ್. ಹಾಗಾಗಿ ಅದರಲ್ಲಿ ಇರಬೇಕಾದ್ದು: ಧ್ವನಿಮುದ್ರಿಕೆ ಮತ್ತು ಲಿಪ್ಯಂತರ, ಕೋಡ್‌ಪುಸ್ತಕದ ಎಲ್ಲ ಹಳೆಯ ಆವೃತ್ತಿಗಳು, ಥೀಮ್ ಕಟ್ಟಿದ ಟಿಪ್ಪಣಿ, ನಿರ್ಧಾರಗಳ ದಿನಚರಿ, ಪ್ರಶ್ನಾವಳಿಯ ಆವೃತ್ತಿಗಳು, ಜೊತೆಗೆ ಅಧ್ಯಯನಕ್ಕೆ ಮುಂಚೆ ನೀವು ಏನು ನಂಬಿದ್ದಿರಿ ಎಂಬ ಬರಹ. ನಾನು ಹಿಂದೆ ನರ್ಸ್ ಆಗಿದ್ದವಳು, ಅದನ್ನು ಮೊದಲ ಪುಟದಲ್ಲೇ ಬರೆದಿದ್ದೆ. ಹೆಸರುಗಳ ಪಟ್ಟಿಯನ್ನು ಮಾತ್ರ ಬೇರೆ ಕಡೆ ಬೀಗ ಹಾಕಿಡಿ, ಆಡಿಟ್ ಮಾಡುವವರಿಗೂ ಕೊಡಬೇಡಿ. ಕಡತ ತೋರಿಸಲು ಭಾಗವಹಿಸಿದವರ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

ಇದನ್ನೆಲ್ಲ ಕೊನೆಗೆ ಕೂತು ಬರೆದರೆ ಸಿಕ್ಕಿಬೀಳುತ್ತೀರಿ. ಅಂಥ ದಿನಚರಿಯಲ್ಲಿ ಕೈಬಿಟ್ಟ ಕೋಡ್ ಒಂದೂ ಇರುವುದಿಲ್ಲ, ಪ್ರತಿ ಹೆಜ್ಜೆಯೂ ಅಂತಿಮ ಫಲಿತಾಂಶದ ಕಡೆಗೇ ಹೋಗುತ್ತಿರುತ್ತದೆ.

ಟ್ರಾನ್ಸ್‌ಫರಬಿಲಿಟಿಗೆ ಮಾತ್ರ ಟ್ರೇಲ್ ಸಾಲದು. ಫಲಿತಾಂಶ ಬೇರೆಡೆಗೆ ಹೊಂದುತ್ತದೆಯೇ ಎಂದು ತೀರ್ಮಾನಿಸಬೇಕಾದವರು ಆ ಬೇರೆಡೆಯನ್ನು ಬಲ್ಲ ಓದುಗರು. ತೀರ್ಮಾನಕ್ಕೆ ಬೇಕಾದ ವಿವರ ಕೊಡುವುದು ನಿಮ್ಮ ಹೊಣೆ. ‘ದೊಡ್ಡ ಆಸ್ಪತ್ರೆ, ಅನುಭವಿ ನರ್ಸ್‌ಗಳು’ ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗದು. ನನ್ನ ವಾರ್ಡಿನಲ್ಲಿ ತಪ್ಪು ಬರೆಯುವ ರಿಜಿಸ್ಟರ್ ಪಾಳಿ ಬದಲಾಗುವ ಮೇಜಿನ ಮೇಲೆಯೇ ತೆರೆದಿರುತ್ತಿತ್ತು, ಬರೆದದ್ದನ್ನು ಮುಂದಿನ ಪಾಳಿಯವರು ಹೆಸರಿನ ಸಮೇತ ಓದುತ್ತಿದ್ದರು. ಈ ಒಂದು ವಿವರ ಸಿಕ್ಕರೆ, ಹೆಸರಿಲ್ಲದೆ ಕಂಪ್ಯೂಟರಿನಲ್ಲಿ ವರದಿ ಮಾಡುವ ಆಸ್ಪತ್ರೆಯವರು ನನ್ನ ಫಲಿತಾಂಶ ತಮಗೆ ಎಷ್ಟು ಹೊಂದುತ್ತದೆ ಎಂದು ತಾವೇ ನೋಡಿಕೊಳ್ಳಬಲ್ಲರು.