12,000 ಇಂಪ್ರೆಷನ್, ಆರು ಸೀರೆ

ಪ್ರಶ್ನೆ: ಇಂಪ್ರೆಷನ್, ರೀಚ್, ಕ್ಲಿಕ್, ಕನ್ವರ್ಷನ್ ಇವುಗಳ ವ್ಯತ್ಯಾಸವೇನು? ಫನೆಲ್‌ಗೂ ಇವಕ್ಕೂ ಏನು ಸಂಬಂಧ?

ಜಾಹೀರಾತು ಎಷ್ಟು ಸಲ ಪರದೆಯ ಮೇಲೆ ಮೂಡಿತು ಎಂಬುದು ಇಂಪ್ರೆಷನ್, ಅದು ಎಷ್ಟು ಜನರಿಗೆ ಕಂಡಿತು ಎಂಬುದು ರೀಚ್, ಎಷ್ಟು ಸಲ ಅದನ್ನು ಒತ್ತಲಾಯಿತು ಎಂಬುದು ಕ್ಲಿಕ್, ಅಂಗಡಿಯವರು ಬಯಸಿದ ಖರೀದಿ ನಡೆದರೆ ಅದು ಕನ್ವರ್ಷನ್. ಇವು ಫನೆಲ್‌ನ, ಅಂದರೆ ಕೆಳಗಿಳಿದಂತೆ ಕಿರಿದಾಗುವ ಲಾಳಿಕೆಯ, ಬೇರೆ ಬೇರೆ ಮಟ್ಟದ ಅಳತೆಗಳು: ಮೊದಲೆರಡು ಅರಿವಿನ ಹಂತಕ್ಕೆ, ಕ್ಲಿಕ್ ಆಸಕ್ತಿಗೆ, ಕನ್ವರ್ಷನ್ ಖರೀದಿಗೆ ಸೇರುತ್ತವೆ.

ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯೊಂದು ಇಳಕಲ್ ಸೀರೆಯ ಜಾಹೀರಾತು ಕೊಟ್ಟಿದೆ ಎಂದಿಟ್ಟುಕೊಳ್ಳಿ. ಅದು 4,000 ಜನರಿಗೆ ಸರಾಸರಿ ಮೂರು ಸಲ ಕಂಡರೆ ರೀಚ್ 4,000, ಇಂಪ್ರೆಷನ್ 12,000. ಅದರಿಂದ 120 ಕ್ಲಿಕ್ ಬಂದು ಆರು ಸೀರೆಗಳಿಗೆ ಆರ್ಡರ್ ಸಿಕ್ಕಿತು. ಇಲ್ಲಿ ಪ್ರತಿ ಸಂಖ್ಯೆಯನ್ನೂ ಅದರ ಹಿಂದಿನ ಹಂತದೊಂದಿಗೆ ಹೋಲಿಸಬೇಕು: ಇಂಪ್ರೆಷನ್‌ಗಳಲ್ಲಿ ಶೇ. 1ರಷ್ಟು ಕ್ಲಿಕ್ ಆದವು, ಕ್ಲಿಕ್‌ಗಳಲ್ಲಿ ಶೇ. 5ರಷ್ಟು ಖರೀದಿಯಾದವು.

ಹೀಗೆ ನೋಡಿದರೆ ಸೋರಿಕೆ ಎಲ್ಲಿದೆ ಎಂಬುದು ತಿಳಿಯುತ್ತದೆ. 120 ಕ್ಲಿಕ್ ಬಂದೂ ಒಂದೂ ಆರ್ಡರ್ ಇಲ್ಲದಿದ್ದರೆ ಜಾಹೀರಾತನ್ನು ಬದಲಿಸುವ ಮೊದಲು, ಒತ್ತಿದ ಮೇಲೆ ತೆರೆಯುವ ಪುಟವನ್ನು ನೋಡಿ. ಅಲ್ಲಿ ಸೆರಗಿನ ಚಿತ್ರವಿದ್ದು ಬೆಲೆಯೇ ಇಲ್ಲದಿರಬಹುದು, ಅಥವಾ ಕೊರಿಯರ್ ವೆಚ್ಚ ಕಟ್ಟಕಡೆಗೆ ಕಾಣಿಸುತ್ತಿರಬಹುದು. ಇಂಪ್ರೆಷನ್ ಏರುತ್ತಿದ್ದರೂ ರೀಚ್ ನಿಂತಲ್ಲೇ ನಿಂತಿದ್ದರೆ, ಅದೇ ಜನರಿಗೆ ಅದೇ ಸೀರೆಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದೀರಿ ಎಂದರ್ಥ.

ಒಂದು ಮಿತಿಯನ್ನು ಮರೆಯಬೇಡಿ: ಜಾಹೀರಾತನ್ನು ನೋಡಿ, ಒತ್ತದೆ, ನೇರವಾಗಿ ಅಂಗಡಿಗೇ ಬಂದು ಕೊಂಡವರು ಈ ಆರರಲ್ಲಿ ಇಲ್ಲ; ಅವರನ್ನು ಗಲ್ಲೆಯಲ್ಲಿ ಕೂತವರು ಕೇಳಿಯೇ ಬರೆದಿಟ್ಟುಕೊಳ್ಳಬೇಕು.